ಕ್ಲಿನಿಕಲ್ ಟ್ರಯಲ್ ದತ್ತಾಂಶದ ಕೆಲಸ: ನಾಲ್ಕು ಪುಟದ ರೆಸ್ಯೂಮೆಗೆ ಒಂದೂ ಕರೆ ಬರುತ್ತಿಲ್ಲ, ಎಲ್ಲಿ ತಪ್ಪಿದ್ದೇನೆ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬೆಂಗಳೂರಿನ ಒಂದು ಸಣ್ಣ ಸಿಆರ್‌ಒದಲ್ಲಿ ಎರಡೂವರೆ ವರ್ಷದಿಂದ ದುಡಿಯುತ್ತಿದ್ದೇನೆ. ಸ್ಯಾಸ್‌ನಲ್ಲಿ ಡೇಟಾಸೆಟ್ ಕಟ್ಟುವುದು, ಟೇಬಲ್ ತೆಗೆಯುವುದು, ಬೇರೆಯವರ ಕೆಲಸವನ್ನು ಕ್ಯೂಸಿ ಮಾಡುವುದು ನನ್ನ ದಿನಚರಿ. ದೊಡ್ಡ ಕಡೆಗೆ ಹೋಗೋಣವೆಂದು ಎರಡು ತಿಂಗಳಲ್ಲಿ ಮೂವತ್ತಕ್ಕೂ ಹೆಚ್ಚು ಅರ್ಜಿ ಹಾಕಿದೆ. ಒಂದು ಕರೆಯೂ ಬಂದಿಲ್ಲ.

ರೆಸ್ಯೂಮೆ ನಾಲ್ಕು ಪುಟ ಇದೆ. ಇಂಗ್ಲಿಷಿನಲ್ಲಿ ಇರುವುದನ್ನು ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ. ಮುಖ್ಯ ಸಾಲುಗಳು ಇವು:

"ಎಸ್‌ಡಿಟಿಎಂ ಮತ್ತು ಆಡಮ್ ಡೇಟಾಸೆಟ್‌ಗಳಲ್ಲಿ ಅಪಾರ ಅನುಭವ."
"ಟೇಬಲ್, ಲಿಸ್ಟಿಂಗ್, ಗ್ರಾಫ್‌ಗಳ ತಯಾರಿ ಮತ್ತು ಕ್ಯೂಸಿ."
"ಎಸ್‌ಎಪಿ ರಚನೆಯಲ್ಲಿ ಪಾತ್ರ."
"ಎಫ್‌ಡಿಎ ಸಲ್ಲಿಕೆಗಳ ನಿರ್ವಹಣೆ."

ಇದರಲ್ಲಿ ಏನು ಕೊರತೆ ಇದೆ ಎಂದು ತಿಳಿದವರು ನೇರವಾಗಿ ಹೇಳಿ. ಬೇಸರ ಮಾಡಿಕೊಳ್ಳುವುದಿಲ್ಲ.

ಬೆಳ್ಳಿಚುಕ್ಕಿ
ಎರಡೂವರೆ ವರ್ಷಕ್ಕೆ ನಾಲ್ಕು ಪುಟವೇ? ಒಂದೂವರೆ ಪುಟಕ್ಕೆ ಇಳಿಸಿ, ಉಳಿದ ಮಾತು ಆಮೇಲೆ.

ಹಳೇಬೇರು
ಹದಿನಾರು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಈಗ ತಂಡಕ್ಕೆ ಜನರನ್ನು ಆರಿಸುವುದು ನನ್ನ ಪಾಲಿಗೆ ಬಂದಿದೆ. ಪುಟದ ಲೆಕ್ಕ ನನಗೆ ಅಷ್ಟು ಮುಖ್ಯವಲ್ಲ. ನಿಮ್ಮ ನಾಲ್ಕೂ ಸಾಲುಗಳಲ್ಲಿ ನೀವೇ ಇಲ್ಲ, ಅದು ನನ್ನ ತಕರಾರು.

"ಆಡಮ್‌ನಲ್ಲಿ ಅಪಾರ ಅನುಭವ" ಎಂದರೆ ನನಗೆ ಏನೂ ಗೊತ್ತಾಗುವುದಿಲ್ಲ. ಯಾವ ಡೇಟಾಸೆಟ್? ADSL ಮಾಡಿದಿರೋ, ADAE ಮಾಡಿದಿರೋ, ADTTE ಮಾಡಿದಿರೋ? ನೀವು ಪ್ರೊಡಕ್ಷನ್ ಕಡೆ ಇದ್ದಿರೋ, ಕ್ಯೂಸಿ ಕಡೆ ಇದ್ದಿರೋ? ಸ್ಪೆಸಿಫಿಕೇಶನ್ ಬೇರೆಯವರು ಬರೆದು ಕೊಟ್ಟರೋ, ಎಸ್‌ಎಪಿ ಓದಿ ನೀವೇ ಬರೆದಿರೋ? ಈ ಮೂರು ತಿಳಿದರೆ ನಿಮ್ಮನ್ನು ಎಲ್ಲಿ ಕೂರಿಸಬೇಕೆಂದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ತಿಳಿಯದಿದ್ದರೆ ಮುಂದಿನ ರೆಸ್ಯೂಮೆ ತೆಗೆಯುತ್ತೇನೆ. ನೂರಾರು ಬಂದಿರುತ್ತವೆ, ಎಲ್ಲದರಲ್ಲೂ ಇದೇ "ಅಪಾರ ಅನುಭವ".

ಬೆಣ್ಣೆನಗರಿ
ನನ್ನದೂ ಇದೇ ಪ್ರಶ್ನೆ. ನಾನು ದಾವಣಗೆರೆಯವಳು, ಬಿ.ಫಾರ್ಮ್ ಆಗಿದೆ. ಒಂದೂವರೆ ವರ್ಷದಿಂದ "ಕ್ಲಿನಿಕಲ್ ಡೇಟಾ ಅನಲಿಸ್ಟ್" ಎಂಬ ಹುದ್ದೆಯಲ್ಲಿದ್ದೇನೆ. ಬಯೋಸ್ಟ್ಯಾಟಿಸ್ಟಿಶಿಯನ್ ಹುದ್ದೆಗೆ ಅರ್ಜಿ ಹಾಕಿದರೆ ನೋಡುವುದೇ ಇಲ್ಲ. ಬಿ.ಫಾರ್ಮ್ ಎಂದು ತಿರಸ್ಕರಿಸುತ್ತಾರೆಯೇ?

ಹಳೇಬೇರು
ಬೆಣ್ಣೆನಗರಿ ಅವರೇ, ನಿಮ್ಮ ಪ್ರಶ್ನೆ ಬೇರೆಯೇ. ಆದರೂ ಕೇಳುತ್ತೇನೆ, ದಿನವೂ ಏನು ಮಾಡುತ್ತೀರಿ?

ಬೆಣ್ಣೆನಗರಿ
ರೇವ್‌ನಲ್ಲಿ ಆಸ್ಪತ್ರೆಗಳು ತುಂಬಿದ ಮಾಹಿತಿ ನೋಡಿ ಪ್ರಶ್ನೆ ಕಳಿಸುವುದು, ಲ್ಯಾಬ್ ವರದಿಯ ದಿನಾಂಕ ಭೇಟಿಯ ದಿನಾಂಕಕ್ಕೆ ಹೊಂದುತ್ತದೆಯೇ ಎಂದು ನೋಡುವುದು, ಲಾಕ್‌ಗೆ ಮೊದಲು ಬಾಕಿ ಇರುವ ಪ್ರಶ್ನೆಗಳನ್ನು ಮುಗಿಸುವುದು.

ಹಳೇಬೇರು
ಅದು ಡೇಟಾ ಮ್ಯಾನೇಜ್‌ಮೆಂಟ್. ಕೆಲವು ಕಂಪನಿಗಳಲ್ಲಿ ಅದಕ್ಕೂ ಅನಲಿಸ್ಟ್ ಎಂದೇ ಹೆಸರು. ಕೆಲಸ ಕಡಿಮೆಯದಲ್ಲ, ಆದರೆ ಹುದ್ದೆಯ ಹೆಸರು ಓದಿದವರು ವಿಶ್ಲೇಷಣೆ ಹುಡುಕುತ್ತಾರೆ, ಒಳಗೆ ಅದು ಕಾಣುವುದಿಲ್ಲ. ಹುದ್ದೆಯ ಹೆಸರಿನ ಕೆಳಗೇ ಒಂದು ಸಾಲಿನಲ್ಲಿ "ಇಡಿಸಿ ದತ್ತಾಂಶ ಪರಿಶೀಲನೆ ಮತ್ತು ಲಾಕ್" ಎಂದು ಬಿಡಿಸಿ ಬರೆಯಿರಿ. ಬಯೋಸ್ಟ್ಯಾಟಿಸ್ಟಿಶಿಯನ್ ಹುದ್ದೆಗೆ ಹೆಚ್ಚಿನ ಕಡೆ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ಪದವಿ ಕೇಳುತ್ತಾರೆ. ಪ್ರೋಗ್ರಾಮಿಂಗ್ ಕಡೆಗಾದರೆ ಬಿ.ಫಾರ್ಮ್‌ನವರು ನನ್ನ ತಂಡದಲ್ಲೇ ಇದ್ದಾರೆ.

ಕೆಂಗೇರಿ ಮೋಡ
ಎಸ್‌ಎಪಿ ಎಂದು ಬರೆದವರಿಗೆ ನನ್ನ ಅನುಭವ ಹೇಳುತ್ತೇನೆ. ನಾನೂ ರೆಸ್ಯೂಮೆ ತುಂಬ ಆ ಮೂರು ಅಕ್ಷರ ತುಂಬಿದ್ದೆ. ಬಂದ ಕರೆಗಳೆಲ್ಲ ಕಾರ್ಖಾನೆ ಲೆಕ್ಕಪತ್ರದ ಸ್ಯಾಪ್ ಸಾಫ್ಟ್‌ವೇರ್ ಕೆಲಸಕ್ಕೆ! ಮೊದಲ ಸಲ ಪೂರ್ಣವಾಗಿ "ಸ್ಟ್ಯಾಟಿಸ್ಟಿಕಲ್ ಅನಾಲಿಸಿಸ್ ಪ್ಲಾನ್" ಎಂದು ಬಿಡಿಸಿ ಬರೆದ ಮೇಲೆ ನಿಂತಿತು.

ತುಂಗಾತೀರ
ಹಳೇಬೇರು ಮೇಡಂ, ನೀವು ಹೇಳಿದ್ದು ನಾಟಿತು. ನಿಜ ಹೇಳಬೇಕೆಂದರೆ ನಾನು ಹೆಚ್ಚಾಗಿ ಕ್ಯೂಸಿ ಕಡೆ ಇದ್ದವನು. ADSL ಮತ್ತು ADAE ಎರಡನ್ನೂ ಸ್ಪೆಸಿಫಿಕೇಶನ್ ಓದಿ ಸ್ವತಂತ್ರವಾಗಿ ಬರೆದು ಪ್ರೊಡಕ್ಷನ್ ಜೊತೆ ಹೋಲಿಸುವುದು ನನ್ನ ಕೆಲಸ. ಕ್ಯೂಸಿ ಎಂದು ಬರೆದರೆ ಕೀಳಾಗಿ ಕಾಣುತ್ತದೆ ಎಂದು ಮರೆಮಾಡಿದ್ದೆ.

ಹಳೇಬೇರು
ಕೀಳು ಎಂದು ನಿಮಗೆ ಯಾರು ಹೇಳಿದರು? ಕ್ಯೂಸಿ ಮಾಡಿದವನು ಏನನ್ನಾದರೂ ಹಿಡಿದಿದ್ದರೆ ಅದಕ್ಕಿಂತ ಒಳ್ಳೆಯ ಸಾಲು ರೆಸ್ಯೂಮೆಯಲ್ಲಿ ಇನ್ನೊಂದಿಲ್ಲ. ಎರಡೂವರೆ ವರ್ಷದಲ್ಲಿ ನೀವು ಹಿಡಿದ ಒಂದು ತಪ್ಪು ಹೇಳಿ. ದೊಡ್ಡದೇ ಆಗಬೇಕೆಂದಿಲ್ಲ.

ತುಂಗಾತೀರ
ಒಂದು ನೆನಪಿದೆ. ಔಷಧದ ಹೆಸರು ಹೇಳುವುದಿಲ್ಲ. ಮೂರನೇ ಹಂತದ ಟ್ರಯಲ್, ಮಧ್ಯಂತರ ವಿಶ್ಲೇಷಣೆ. ಚಿಕಿತ್ಸೆ ಆರಂಭವಾದ ಮೇಲೆ ಬಂದ ಅಡ್ಡಪರಿಣಾಮಗಳಿಗೆ TRTEMFL ಎಂಬ ಗುರುತು ಹಾಕಬೇಕು. ಎಸ್‌ಎಪಿಯ ನಿಯಮ ಸರಳ: ಮೊದಲ ಡೋಸ್‌ನ ದಿನದಿಂದ ಕೊನೆಯ ಡೋಸ್ ಆದ 30 ದಿನದವರೆಗೆ ಶುರುವಾದದ್ದೆಲ್ಲ ಲೆಕ್ಕಕ್ಕೆ. ಪ್ರೊಡಕ್ಷನ್‌ನವರ ಸಾಲು ಹೀಗಿತ್ತು:

```sas
if astdt >= trtsdt and astdt <= trtedt + 30 then trtemfl = 'Y';
```

PROC COMPARE ಓಡಿಸಿದಾಗ 61 ದಾಖಲೆಗಳಲ್ಲಿ ನನ್ನದರಲ್ಲಿ Y, ಅವರದರಲ್ಲಿ ಖಾಲಿ. ನನ್ನದೇ ತಪ್ಪೆಂದು ಅರ್ಧ ದಿನ ತಲೆ ಕೆಡಿಸಿಕೊಂಡೆ. ಆ 61ನ್ನು ರೋಗಿಗಳ ಪ್ರಕಾರ ಜೋಡಿಸಿ ನೋಡಿದರೆ, ಅವರೆಲ್ಲರೂ ಇನ್ನೂ ಔಷಧ ತೆಗೆದುಕೊಳ್ಳುತ್ತಿದ್ದವರು. ಮಧ್ಯಂತರ ವಿಶ್ಲೇಷಣೆಯಲ್ಲಿ ಚಿಕಿತ್ಸೆ ಮುಂದುವರಿದಿರುವವರಿಗೆ ಕೊನೆಯ ಡೋಸ್‌ನ ದಿನಾಂಕವೇ ಇರುವುದಿಲ್ಲವಲ್ಲ. TRTEDT ಖಾಲಿ, ಅದಕ್ಕೆ 30 ಕೂಡಿಸಿದರೂ ಖಾಲಿ. ಸ್ಯಾಸ್‌ನಲ್ಲಿ ಖಾಲಿ ಬೆಲೆ ಎಲ್ಲ ಸಂಖ್ಯೆಗಳಿಗಿಂತ ಚಿಕ್ಕದು. ಆದ್ದರಿಂದ ಎರಡನೇ ಷರತ್ತು ಅವರ ಪಾಲಿಗೆ ಯಾವತ್ತೂ ನಿಜವಾಗುವುದಿಲ್ಲ, ಅವರ ಅಡ್ಡಪರಿಣಾಮಗಳೆಲ್ಲ ಟೇಬಲ್‌ನಿಂದ ಸದ್ದಿಲ್ಲದೆ ಬಿದ್ದುಹೋಗಿದ್ದವು.

ಲಾಗ್‌ನಲ್ಲಿ ಸುಳಿವೂ ಇತ್ತು. ಯಾರೂ ಓದಿರಲಿಲ್ಲ:

```
NOTE: Missing values were generated as a result of performing an operation on missing values.
```

ಬೆಳ್ಳಿಚುಕ್ಕಿ
ಇದು ನಾಲ್ಕು ಪುಟದ ಆ ರೆಸ್ಯೂಮೆಯಲ್ಲಿ ಎಲ್ಲೂ ಇಲ್ಲವೇ?!

ತುಂಗಾತೀರ
ಇಲ್ಲ. ಬರೆಯಬಹುದೆಂದು ತೋಚಲಿಲ್ಲ.

ಹಾಸನದ ಕೋಡರ್
ಇದು ಎಲ್ಲರೂ ಒಮ್ಮೆ ಎಡವುವ ಕಲ್ಲು. ಪರಿಹಾರ ಒಂದೇ ತುಂಡಿನದು, ಇಷ್ಟು ಸೇರಿಸಿದರೆ ಮುಗಿಯಿತು:

```sas
if astdt >= trtsdt and (missing(trtedt) or astdt <= trtedt + 30)
  then trtemfl = 'Y';
```

ಕಾವೇರಿ ಕಣಿವೆ
ಮುಗಿಯಲಿಲ್ಲ ಸರ್. ಲಾಟರಿಯಲ್ಲಿ ಒಂದು ಗುಂಪಿಗೆ ಸೇರಿ, ಒಂದೂ ಡೋಸ್ ತೆಗೆದುಕೊಳ್ಳದೆ ಹೊರಟುಹೋದ ರೋಗಿಯನ್ನು ಯೋಚಿಸಿ. ಅವರಿಗೆ TRTSDT ಕೂಡ ಖಾಲಿ. ಖಾಲಿ ಬೆಲೆ ಎಲ್ಲಕ್ಕಿಂತ ಚಿಕ್ಕದಾದ್ದರಿಂದ astdt >= trtsdt ನಿಜವಾಗುತ್ತದೆ. TRTEDT ಖಾಲಿ ಇರುವುದರಿಂದ ಎರಡನೆಯದೂ ನಿಜ. ಔಷಧವನ್ನೇ ಮುಟ್ಟದವರ ತಲೆನೋವಿಗೆ "ಚಿಕಿತ್ಸೆಯ ನಂತರದ್ದು" ಎಂಬ ಮುದ್ರೆ ಬೀಳುತ್ತದೆ. ಮೂಲದ ತಪ್ಪು ಸಾಲಿನಲ್ಲಿ ಅವರು ಆಕಸ್ಮಿಕವಾಗಿ ಪಾರಾಗಿದ್ದರು. ನಿಮ್ಮ ತಿದ್ದುಪಡಿಯೇ ಅವರನ್ನು ಒಳಗೆ ತರುತ್ತದೆ. ಮೊದಲು not missing(trtsdt) ಎಂದು ಕೇಳಬೇಕು.

ಹಾಸನದ ಕೋಡರ್
ಟೇಬಲ್ ತೆಗೆಯುವಾಗ SAFFL = 'Y' ಇದ್ದವರನ್ನು ಮಾತ್ರ ತೆಗೆದುಕೊಳ್ಳುತ್ತೇವೆ. ಡೋಸ್ ತೆಗೆದುಕೊಳ್ಳದವರು ಅಲ್ಲೇ ಹೊರಗೆ ಉಳಿಯುತ್ತಾರೆ. ಸಂಖ್ಯೆ ಬದಲಾಗುವುದಿಲ್ಲ.

ಕಾವೇರಿ ಕಣಿವೆ
ಟೇಬಲ್‌ನಲ್ಲಿ ಬದಲಾಗುವುದಿಲ್ಲ, ಒಪ್ಪಿದೆ. ಆದರೆ ಡೇಟಾಸೆಟ್ಟೂ ನಿಯಂತ್ರಕರ ಕೈಗೆ ಹೋಗುತ್ತದೆ. ಅಲ್ಲಿ ಗುರುತು ತಪ್ಪಾಗಿಯೇ ಇರುತ್ತದೆ. ಪರಿಶೀಲಕರು SAFFL ಹಾಕದೆ ಎಣಿಸಿದರೆ ನಮ್ಮ ಟೇಬಲ್‌ಗೂ ಅವರ ಎಣಿಕೆಗೂ ತಾಳೆಯಾಗುವುದಿಲ್ಲ, ಪತ್ರ ಬರುತ್ತದೆ.

ಹಾಸನದ ಕೋಡರ್
ಸರಿ, ಅದು ಹೌದು. ಆದರೂ ಆರ್‌ನಲ್ಲಿ ಬರೆದಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. ಅಲ್ಲಿ ಖಾಲಿ ಬೆಲೆಯ ಜೊತೆ ಹೋಲಿಸಿದರೆ ಉತ್ತರವೂ NA ಬರುತ್ತದೆ.

ಕಾವೇರಿ ಕಣಿವೆ
ಉತ್ತರ NA ಬಂದ ಸಾಲನ್ನು filter() ಮಾತಿಲ್ಲದೆ ಬಿಟ್ಟುಬಿಡುತ್ತದೆ. ಮುಂದುವರಿದ ರೋಗಿಗಳು ಅಲ್ಲೂ ಮಾಯ. ಬಾಗಿಲು ಬೇರೆ, ಹಳ್ಳ ಒಂದೇ.

ಕೆಂಗೇರಿ ಮೋಡ
ಸ್ಯಾಸ್ ಪ್ರಮಾಣಪತ್ರದ ಬಗ್ಗೆ ಯಾರೂ ಹೇಳುತ್ತಿಲ್ಲವಲ್ಲ? ನಾನು ಎಲ್ಲಕ್ಕಿಂತ ಮೇಲೆ ಹಾಕಿದ್ದೇನೆ.

ಹಳೇಬೇರು
ಅನುಭವ ಇಲ್ಲದವರಿಗೆ ಮೇಲೆ ಇರಲಿ, ಇದ್ದವರಿಗೆ ಕೊನೆಯಲ್ಲಿ ಒಂದು ಸಾಲು ಸಾಕು. ತುಂಗಾತೀರ ಅವರ ವಿಷಯಕ್ಕೆ ಬರುತ್ತೇನೆ. ಸಾಫ್ಟ್‌ವೇರ್ ಪಟ್ಟಿಯನ್ನು ಪ್ರತ್ಯೇಕವಾಗಿ ಉದ್ದಕ್ಕೆ ಬರೆಯುವ ಅಗತ್ಯವೂ ನಿಮಗೆ ಬೀಳುವುದಿಲ್ಲ, ಈ ಒಂದು ಪ್ರಸಂಗದಲ್ಲೇ ಅದು ಬಂದುಹೋಗುತ್ತದೆ. ನಾನಾದರೆ ಹೀಗೆ ಬರೆಯುತ್ತಿದ್ದೆ:

"ಮೂರನೇ ಹಂತದ ಟ್ರಯಲ್‌ನ ಮಧ್ಯಂತರ ವಿಶ್ಲೇಷಣೆ: ADSL, ADAE ಗಳಿಗೆ ಸ್ಯಾಸ್‌ನಲ್ಲಿ ಸ್ವತಂತ್ರ ಕ್ಯೂಸಿ. ಚಿಕಿತ್ಸೆ ಮುಂದುವರಿದಿದ್ದ ರೋಗಿಗಳ 61 ಅಡ್ಡಪರಿಣಾಮ ದಾಖಲೆಗಳು ಗುರುತಿನಿಂದ ತಪ್ಪಿಹೋಗಿದ್ದನ್ನು ಪತ್ತೆಹಚ್ಚಿ, ಟೇಬಲ್ ಹೊರಡುವ ಮೊದಲು ಸರಿಪಡಿಸಲಾಯಿತು."

ಈ ಸಾಲು ಓದಿದ ಯಾರೇ ಆಗಲಿ ಸಂದರ್ಶನದಲ್ಲಿ ಇದನ್ನೇ ಕೇಳುತ್ತಾರೆ. ನಿಮಗೆ ಇದರ ಮೂಲೆಮೂಲೆಯೂ ಗೊತ್ತು, ಹತ್ತು ನಿಮಿಷ ಮಾತಾಡಬಲ್ಲಿರಿ. ಟೇಬಲ್ ಹೊರಡುವ ಮೊದಲೇ ಸರಿಯಾಯಿತು ತಾನೇ? ಅಲ್ಲದಿದ್ದರೆ ಹಾಗೆ ಬರೆಯಬೇಡಿ.

ತುಂಗಾತೀರ
ಹೌದು ಮೇಡಂ, ಎರಡು ದಿನ ಮೊದಲು. ಇನ್ನೊಂದು ಮಾತು: ಎಸ್‌ಎಪಿಯಲ್ಲಿ "ಕೊನೆಯ ಡೋಸ್ ಆದ 30 ದಿನದವರೆಗೆ" ಎಂದು ಮಾತ್ರ ಇತ್ತು. ಚಿಕಿತ್ಸೆ ಮುಂದುವರಿದಿದ್ದರೆ ಏನು ಮಾಡಬೇಕೆಂದು ಅದು ಹೇಳಿರಲಿಲ್ಲ. ನಾನು ನಮ್ಮ ಸ್ಟ್ಯಾಟಿಸ್ಟಿಶಿಯನ್‌ಗೆ ಬರೆದೆ, ಅವರು ಮುಂದಿನ ಆವೃತ್ತಿಯಲ್ಲಿ ದತ್ತಾಂಶ ಕಡಿತದ ದಿನಾಂಕದವರೆಗೆ ಎಂದು ಒಂದು ವಾಕ್ಯ ಸೇರಿಸಿದರು. "ಎಸ್‌ಎಪಿ ರಚನೆಯಲ್ಲಿ ಪಾತ್ರ" ಎಂದು ಬರೆದದ್ದು ಇದನ್ನೇ ನೆಚ್ಚಿಕೊಂಡು.

ಹಳೇಬೇರು
ಹಾಗಾದರೆ ಇದನ್ನೇ ಬರೆಯಿರಿ! "ರಚನೆಯಲ್ಲಿ ಪಾತ್ರ" ಎಂದು ಓದಿದರೆ ಮಾದರಿ ಗಾತ್ರ ಹೇಗೆ ಲೆಕ್ಕ ಹಾಕಿದಿರಿ, ಎಸ್ಟಿಮ್ಯಾಂಡ್ ಹೇಗೆ ಆಯ್ದಿರಿ ಎಂದು ಕೇಳುತ್ತೇನೆ. ನೀವು ತಡವರಿಸುತ್ತೀರಿ, ಉಳಿದದ್ದನ್ನೂ ನಂಬದಂತಾಗುತ್ತದೆ. "ಎಸ್‌ಎಪಿ ಕರಡು ಪರಿಶೀಲಿಸಿ, ಚಿಕಿತ್ಸಾವಧಿಯ ನಿಯಮದಲ್ಲಿ ಇದ್ದ ಬಿರುಕನ್ನು ತೋರಿಸಿದೆ, ಮುಂದಿನ ಆವೃತ್ತಿಯಲ್ಲಿ ತಿದ್ದಲಾಯಿತು" ಎಂದರೆ ಎರಡೂವರೆ ವರ್ಷದವನಿಂದ ನಾನು ನಿರೀಕ್ಷಿಸುವುದಕ್ಕಿಂತ ಹೆಚ್ಚು.

ಹಡ್ಸನ್ ದಡ
ನ್ಯೂಜೆರ್ಸಿಯಿಂದ. ನಾಲ್ಕನೇ ಸಾಲಿನ ಬಗ್ಗೆ ಇನ್ನೂ ಯಾರೂ ಮಾತಾಡಿಲ್ಲ. "ಎಫ್‌ಡಿಎ ಸಲ್ಲಿಕೆಗಳ ನಿರ್ವಹಣೆ" ಎಂದು ಬರೆದವರನ್ನು ನಾನು ಕೇಳುವ ಮೊದಲ ಪ್ರಶ್ನೆ: ಎಡಿಆರ್‌ಜಿಯಲ್ಲಿ, ಅಂದರೆ ವಿಶ್ಲೇಷಣಾ ದತ್ತಾಂಶದ ಜೊತೆ ಪರಿಶೀಲಕರಿಗೆ ಕೊಡುವ ಆ ಕೈಪಿಡಿಯಲ್ಲಿ, ಯಾವ ಭಾಗ ನಿಮ್ಮ ಕೈಯದು? ಎರಡನೆಯದು: ಪಿನಾಕಲ್ 21 ಕೊಟ್ಟ ಎಚ್ಚರಿಕೆಗಳಲ್ಲಿ ಯಾವುದನ್ನು ಸರಿಪಡಿಸಲಾಗದೆ ಉಳಿಸಿಕೊಂಡಿರಿ, ಅದಕ್ಕೆ ಏನು ವಿವರಣೆ ಬರೆದಿರಿ? ನಿಜವಾಗಿ ಮಾಡಿದವರಿಗೆ ಎರಡನೆಯದರ ಉತ್ತರ ತುದಿನಾಲಿಗೆಯಲ್ಲಿರುತ್ತದೆ, ಏಕೆಂದರೆ ಆ ವಿವರಣೆಗಳಿಗಾಗಿ ಅವರು ನಿದ್ದೆಗೆಟ್ಟಿರುತ್ತಾರೆ.

ಇನ್ನೊಂದು. 2016ರ ಡಿಸೆಂಬರ್ 17ರ ನಂತರ ಶುರುವಾದ ಟ್ರಯಲ್‌ಗಳ ದತ್ತಾಂಶ ಹೊಸ ಔಷಧದ ಅರ್ಜಿಯೊಂದಿಗೆ ಹೋಗುವಾಗ ಸ್ಟ್ಯಾಂಡರ್ಡ್ ರೂಪದಲ್ಲೇ ಹೋಗಬೇಕು ಎಂಬುದು ಎಫ್‌ಡಿಎ ನಿಯಮ. ಹಾಗಾಗಿ "ಸಿಡಿಸ್ಕ್ ಮಾನದಂಡಗಳ ಅರಿವು" ಎಂಬ ಸಾಲಿನಿಂದ ಈಗ ಹೊಸದೇನೂ ತಿಳಿಯುವುದಿಲ್ಲ. ಈ ಕೆಲಸದಲ್ಲಿರುವ ಎಲ್ಲರಿಗೂ ಅದು ಇರಲೇಬೇಕು.

ತುಂಗಾತೀರ
ಒಪ್ಪಿಕೊಳ್ಳುತ್ತೇನೆ ಸರ್. ಎಡಿಆರ್‌ಜಿ ನಾನು ಬರೆದಿಲ್ಲ. ನಮ್ಮ ಟ್ರಯಲ್ ಎಫ್‌ಡಿಎಗೆ ಹೋಗುವುದಿತ್ತು, ಅದಕ್ಕೆ ಹಾಗೆ ಹಾಕಿದೆ. define.xml ಗೆ ADAE ಯ ವೇರಿಯಬಲ್‌ಗಳ ವಿವರಣೆ ತುಂಬಿದ್ದು ನಾನು. ಲೇಬಲ್ 40 ಅಕ್ಷರ ದಾಟಿದ್ದ ಹನ್ನೊಂದನ್ನು ಮೊಟಕು ಮಾಡಿದ್ದೂ ನಾನು.

ಹಡ್ಸನ್ ದಡ
ಅದನ್ನೇ ಬರೆಯಿರಿ. "ಎಕ್ಸ್‌ಪಿಟಿ ಕಡತಕ್ಕೆ ಹೊಂದುವಂತೆ ADAE ಸಿದ್ಧತೆ, define.xml ನಲ್ಲಿ ಅದರ ವಿವರಣೆ." ಚಿಕ್ಕದು, ಆದರೆ ಕೆದಕಿ ಕೇಳಿದರೂ ನಿಲ್ಲುತ್ತದೆ.

ಬೆಳ್ಳಿಚುಕ್ಕಿ
ಇಷ್ಟೆಲ್ಲ ಪ್ರಾಮಾಣಿಕವಾಗಿ ಬರೆದರೆ ಮಾನವ ಸಂಪನ್ಮೂಲದವರ ಜರಡಿಯಲ್ಲೇ ಉಳಿದುಹೋಗುತ್ತಾರೆ. ಅವರು ಹುಡುಕುವುದು "ಸಲ್ಲಿಕೆ ಅನುಭವ" ಎಂಬ ಪದವನ್ನು. ಆ ಪದ ಇಲ್ಲದಿದ್ದರೆ ನಿಮ್ಮ ಕೈಗೆ ರೆಸ್ಯೂಮೆ ಬರುವುದೇ ಇಲ್ಲ.

ಹಡ್ಸನ್ ದಡ
ಪದ ಇರಲಿ, ಬೇಡವೆನ್ನಲಿಲ್ಲ. "ಎಫ್‌ಡಿಎ ಸಲ್ಲಿಕೆಗೆ ADAE ಸಿದ್ಧತೆ" ಎಂದರೆ ಪದವೂ ಬಂತು, ನಿಜವೂ ಉಳಿಯಿತು. "ನಿರ್ವಹಣೆ" ಎಂಬ ಒಂದು ಪದ ತೆಗೆಯಲು ಹೇಳುತ್ತಿದ್ದೇನೆ.

ಕಾವೇರಿ ಕಣಿವೆ
ನನಗೆ ಕಳವಳ ಇರುವುದು 61ರ ಬಗ್ಗೆ. ಅದು ಪ್ರಾಯೋಜಕರ ದತ್ತಾಂಶದಿಂದ ಬಂದ ಎಣಿಕೆ. ಟ್ರಯಲ್ ಇನ್ನೂ ಮುಗಿದಿಲ್ಲ. ರೋಗದ ಹೆಸರು, ಹಂತ, ಮಧ್ಯಂತರ ವಿಶ್ಲೇಷಣೆ, ಅದರ ಜೊತೆ ಒಂದು ಎಣಿಕೆ, ಇಷ್ಟನ್ನೂ ಒಟ್ಟಿಗೆ ಇಟ್ಟರೆ ಬಲ್ಲವರು ಯಾವ ಟ್ರಯಲ್ ಎಂದು ಊಹಿಸುತ್ತಾರೆ. ಗೋಪ್ಯತೆಯ ಕರಾರಿಗೆ ಸಹಿ ಹಾಕಿರುತ್ತೀರಿ. "ಹಲವು ದಾಖಲೆಗಳು" ಎಂದು ಬರೆದರೆ ಸಾಕು.

ಹಳೇಬೇರು
ಟ್ರಯಲ್ ClinicalTrials.gov ನಲ್ಲೋ ಸಿಟಿಆರ್‌ಐಯಲ್ಲೋ ನೋಂದಣಿಯಾಗಿ ಎಲ್ಲರಿಗೂ ಕಾಣುತ್ತದೆ, ಅದು ನಡೆಯುತ್ತಿದೆ ಎಂಬುದು ಗುಟ್ಟಲ್ಲ. 61 ಎಂಬುದು ಔಷಧದ ಫಲಿತಾಂಶವೂ ಅಲ್ಲ, ಒಂದು ಪ್ರೋಗ್ರಾಮಿನ ತಪ್ಪಿನ ಅಳತೆ. ರೋಗದ ಹೆಸರು ಕೈಬಿಟ್ಟು ಸಂಖ್ಯೆ ಉಳಿಸಿಕೊಳ್ಳಬಹುದು ಎಂದು ನನ್ನ ಅಭಿಪ್ರಾಯ.

ಕಾವೇರಿ ಕಣಿವೆ
ನೋಂದಣಿಯಲ್ಲಿ ಇರುವುದು ಟ್ರಯಲ್‌ನ ಹೆಸರು, ಅಡ್ಡಪರಿಣಾಮದ ಎಣಿಕೆ ಅಲ್ಲ. ನಾನು ಒಪ್ಪುವುದಿಲ್ಲ. ತುಂಗಾತೀರ, ನಿಮ್ಮ ಕರಾರನ್ನು ಒಮ್ಮೆ ತೆಗೆದು ಓದಿ, ನಮ್ಮಿಬ್ಬರ ಮಾತಿಗಿಂತ ಅದು ಮುಖ್ಯ.

ಮೊದಲ ಮಳೆ
ನಾನು ಈ ವರ್ಷ ಎಂ.ಎಸ್ಸಿ. ಮುಗಿಸಿದವಳು, ಕೆಲಸವೇ ಇಲ್ಲ. ಹೇಳಿಕೊಳ್ಳಲು ಯಾವ ಟ್ರಯಲ್ಲೂ ಇಲ್ಲ. ನನ್ನಂಥವರು ಏನು ಬರೆಯಬೇಕು?

ಕಾವೇರಿ ಕಣಿವೆ
ಸಿಡಿಸ್ಕ್‌ನವರ ಪೈಲಟ್ ದತ್ತಾಂಶ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, CDISCPILOT01 ಎಂದು ಹುಡುಕಿ. ಆಲ್ಝೈಮರ್ ರೋಗಿಗಳ ಟ್ರಯಲ್, ಔಷಧ ಝಾನೊಮೆಲಿನ್, ಮೂರು ಗುಂಪು. 2021ರಲ್ಲಿ ಆರ್ ಕನ್ಸೋರ್ಟಿಯಂ ತಂಡ ಎಫ್‌ಡಿಎಗೆ ಆರ್‌ನಲ್ಲಿ ಪ್ರಾಯೋಗಿಕ ಸಲ್ಲಿಕೆ ಮಾಡಿ ತೋರಿಸಿದ್ದೂ ಇದೇ ದತ್ತಾಂಶದಿಂದ. ಎಸ್‌ಡಿಟಿಎಂನಿಂದ ಶುರುಮಾಡಿ ADSL ಕಟ್ಟಿ, ನಂತರ ADAE. ಅವರದ್ದೇ ಆಡಮ್ ಕೂಡ ಜೊತೆಗಿದೆ, ಹೋಲಿಸಿ ನೋಡಬಹುದು. ಸ್ಯಾಸ್ ಬೇಕಾದರೆ ಕಲಿಯುವವರಿಗೆ ಆನ್‌ಲೈನ್‌ನಲ್ಲಿ ಉಚಿತ ಆವೃತ್ತಿ ಇದೆ. ರೆಸ್ಯೂಮೆಯಲ್ಲಿ "ಯೋಜನೆ ಮಾಡಿದೆ" ಎಂದು ಬರೆಯಬೇಡಿ. ಎಲ್ಲಿ ಹೊಂದಲಿಲ್ಲ, ಏಕೆ ಹೊಂದಲಿಲ್ಲ ಎಂದು ಬರೆಯಿರಿ.

ತುಂಗಾತೀರ
ತಿದ್ದಿದ್ದೇನೆ. ಒಂದೂಮುಕ್ಕಾಲು ಪುಟಕ್ಕೆ ಬಂತು. "ಅಪಾರ" ಹೋಯಿತು, "ನಿರ್ವಹಣೆ" ಹೋಯಿತು, ಸಾಫ್ಟ್‌ವೇರ್ ಪಟ್ಟಿ ಒಂದು ಸಾಲಿಗೆ ಇಳಿಯಿತು. ಮೇಲೆ ಸ್ವತಂತ್ರ ಕ್ಯೂಸಿಯ ಸಾಲು, ಅದರ ಕೆಳಗೆ ಎಸ್‌ಎಪಿಯ ಟಿಪ್ಪಣಿ, ಆಮೇಲೆ define.xml. ಕರಾರು ತೆಗೆದು ಓದಿದೆ. "ದತ್ತಾಂಶದಿಂದ ಪಡೆದ ಯಾವುದೇ ಮಾಹಿತಿ" ಎಂಬ ಮಾತು ಅದರಲ್ಲಿದೆ. 61 ಅದರೊಳಗೆ ಬರುತ್ತದೆಯೋ ಇಲ್ಲವೋ ತಿಳಿಯದೆ ಸದ್ಯಕ್ಕೆ ತೆಗೆದಿದ್ದೇನೆ. ಸಾಲು ಸ್ವಲ್ಪ ಸಪ್ಪೆಯಾಗಿದೆ.

ಹಳೇಬೇರು
ತೆಗೆದದ್ದು ಸರಿ, ಆ ಮಾತು ಇದ್ದರೆ ನಾನೂ ತೆಗೆಯುತ್ತಿದ್ದೆ. ಸಪ್ಪೆ ಆಗಬಾರದೆಂದರೆ ಕಾರಣ ಉಳಿಸಿ: "ಕೊನೆಯ ಡೋಸ್‌ನ ದಿನಾಂಕ ಖಾಲಿ ಇದ್ದುದರಿಂದ" ಎಂಬ ತುಂಡು ಹೋಗದಿರಲಿ. ಅನುಭವಿ ಓದುಗರನ್ನು ಹಿಡಿದು ನಿಲ್ಲಿಸುವುದು ಅದೇ.

ಮೊದಲ ಮಳೆ
ನಾಲ್ಕು ದಿನ ಆಯಿತು. ADSL ಬಂತು, 254 ಜನ: ಪ್ಲಸೀಬೊ 86, ಕಡಿಮೆ ಡೋಸ್ 84, ಹೆಚ್ಚಿನ ಡೋಸ್ 84. ಮೊದಲು 306 ಬಂದು ಗಾಬರಿಯಾಗಿತ್ತು. ಆಮೇಲೆ ನೋಡಿದರೆ ಸ್ಕ್ರೀನಿಂಗ್‌ನಲ್ಲೇ ಹೊರಬಿದ್ದ 52 ಜನ DM ನಲ್ಲಿ ಹಾಗೇ ಇದ್ದರು. ಈಗ ADAE ಶುರುಮಾಡಿದ್ದೇನೆ.

ಕಾವೇರಿ ಕಣಿವೆ
306 ಹೇಗೆ 254 ಆಯಿತು ಎಂಬುದನ್ನು ಬರೆದಿಟ್ಟುಕೊಳ್ಳಿ, ಅದು ನಿಮ್ಮ ಮೊದಲ ಸಾಲು. ADAE ಮುಗಿದ ಮೇಲೆ ನಾಲ್ಕೈದು ರೋಗಿಗಳ TRTEDT ಅನ್ನು ಬೇಕೆಂದೇ ಖಾಲಿ ಮಾಡಿ ಮತ್ತೆ ಓಡಿಸಿ, ಲಾಗ್‌ನಲ್ಲಿ ಏನು ಬರುತ್ತದೆ ಎಂದು ಇಲ್ಲಿ ಹಾಕಿ.